ಚಿಪ್ಸ್ ಪೊಟ್ಟಣದ ಮುಖದಲ್ಲಿ ಯಾರಿಗೆ ಎಷ್ಟು ಜಾಗ?

ಚಿಪ್ಸ್ ಕೊಳ್ಳಲು ಬಂದವರಿಗೆ ಏಳೆಂಟು ಅಡಿ ದೂರದಲ್ಲೇ ಅದು ಯಾವ ತಿಂಡಿ ಅಂತ ಗೊತ್ತಾಗಬೇಕು. ರ‍್ಯಾಕಿನ ಹತ್ತಿರ ಬಂದಾಗ ಯಾವ ರುಚಿ ಅನ್ನುವುದು ಕಾಣಬೇಕು. ಕೈಗೆತ್ತಿಕೊಂಡ ಮೇಲೆ ಎಷ್ಟು ಗ್ರಾಂ ಅಂತ ನೋಡುತ್ತಾರೆ. ಪೊಟ್ಟಣದ ಮುಖದ ಮೇಲೆ ಹೆಸರು, ರುಚಿ, ತೂಕ ಈ ಮೂರರ ಅಕ್ಷರಗಳು ಎಷ್ಟೆಷ್ಟು ದೊಡ್ಡದಿರಬೇಕು ಎಂಬುದನ್ನು ಡಿಸೈನರ್ ಈ ದೂರಗಳಿಂದಲೇ ಲೆಕ್ಕ ಹಾಕಬಹುದು.

ಬೋರ್ಡ್ ಬರೆಯುವವರಲ್ಲಿ ಅದಕ್ಕೊಂದು ಒರಟು ಅಳತೆ ಇದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಬಾಳೆಕಾಯಿ ಚಿಪ್ಸ್ ಮಾಡುವ ಒಂದು ಹೊಸ ಬ್ರ್ಯಾಂಡ್ ಇದೆ, 14 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೌಚಿನಲ್ಲಿ 150 ಗ್ರಾಂ ತುಂಬುತ್ತದೆ ಅಂತಿಟ್ಟುಕೊಳ್ಳೋಣ. ಎಂಟು ಅಡಿಯಿಂದ ಕಾಣಬೇಕಾದ ಹೆಸರಿಗೆ 20 ಮಿ.ಮೀ. ಬೇಕು. ಐದಡಿಯಿಂದ ಓದುವ ರುಚಿಗೆ 12 ಮಿ.ಮೀ. ಸಾಕು. ತೋಳಿನಳತೆಯಲ್ಲಿ, ಅಂದರೆ ಎರಡಡಿಯಿಂದ ನೋಡುವ ತೂಕಕ್ಕೆ 5 ಮಿ.ಮೀ. ಆದರೆ ಆಯಿತು. ಮೂರು ಗಾತ್ರಗಳ ನಡುವೆ ಅಂತರ ಹೀಗೆ ಸ್ಪಷ್ಟವಾಗಿರಬೇಕು. 20ರ ಪಕ್ಕದಲ್ಲಿ 17 ಇಟ್ಟರೆ ಎರಡೂ ಒಂದೇ ಸಮ ಕಂಡು, ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ.

ಇಲ್ಲಿ ‘ಹೆಸರು’ ಅಂದರೆ ಯಾವ ಹೆಸರು? ಮಾಲೀಕರು ಹೆಚ್ಚಾಗಿ ಬ್ರ್ಯಾಂಡಿನ ಹೆಸರನ್ನೇ ದೊಡ್ಡದು ಮಾಡಿ ಅನ್ನುತ್ತಾರೆ. ಲೇಸ್ ಹಾಗೆ ಮಾಡಿದರೆ ನಡೆಯುತ್ತದೆ, ಏಕೆಂದರೆ ಆ ಲೋಗೊ ಕಂಡವರಿಗೆ ಒಳಗಿರುವುದು ಆಲೂಗಡ್ಡೆ ಚಿಪ್ಸ್ ಅಂತ ಬೇರೆ ಹೇಳಬೇಕಿಲ್ಲ. ಯಾರೂ ಕೇಳಿಲ್ಲದ ಬ್ರ್ಯಾಂಡಿಗೆ ಆ ಅನುಕೂಲ ಇಲ್ಲ. ಅಲ್ಲಿ ‘ಬಾಳೆಕಾಯಿ ಚಿಪ್ಸ್’ ಅನ್ನುವುದೇ 20 ಮಿ.ಮೀ. ಪಡೆದು, ಬ್ರ್ಯಾಂಡ್ ಮೇಲ್ಭಾಗದಲ್ಲಿ 10 ಮಿ.ಮೀ. ಮುದ್ರೆಯಾಗಿ, ಎಲ್ಲ ರುಚಿಗಳಲ್ಲೂ ಅದೇ ಜಾಗದಲ್ಲಿ ಕೂತರೆ ಒಳ್ಳೆಯದು. ಮಾಲೀಕರಿಗೆ ಇದು ಹಿಡಿಸುವುದು ಕಡಿಮೆ.

ರುಚಿಯ ಕೆಲಸದಲ್ಲಿ ಅಕ್ಷರಕ್ಕಿಂತ ಮೊದಲು ಬಣ್ಣ ಮಾತಾಡುತ್ತದೆ. ಭಾರತದಲ್ಲಿ ಹಸಿರು ಲೇಸ್ ಅಂದರೆ ಕ್ರೀಮ್ ಅಂಡ್ ಆನಿಯನ್, ನೀಲಿ ಅಂದರೆ ಮ್ಯಾಜಿಕ್ ಮಸಾಲಾ. ಎಷ್ಟೋ ಗಿರಾಕಿಗಳು ಅಂಗಡಿಯಲ್ಲಿ ‘ಹಸಿರು ಕೊಡಿ’ ಅಂತಲೇ ಕೇಳುತ್ತಾರೆ. ಆದರೆ ಬಣ್ಣವನ್ನೇ ಪೂರ್ತಿ ನೆಚ್ಚಿಕೊಂಡರೆ ಎಡವುವುದುಂಟು. ಬ್ರಿಟನ್ನಿನಲ್ಲಿ ಬಹುಪಾಲು ಕಂಪನಿಗಳು ಚೀಸ್ ಅಂಡ್ ಆನಿಯನ್ನಿಗೆ ಹಸಿರು, ಸಾಲ್ಟ್ ಅಂಡ್ ವಿನೆಗರಿಗೆ ನೀಲಿ ಬಳಸಿದರೆ, ವಾಕರ್ಸ್ ಕಂಪನಿಯದು ಸರಿಯಾಗಿ ಉಲ್ಟಾ. ಅಲ್ಲಿ ಬಣ್ಣ ನೋಡಿ ಕೈಹಾಕಿದವರನ್ನು ಕಾಪಾಡುವುದು ದೊಡ್ಡದಾಗಿ ಬರೆದ ರುಚಿಯ ಹೆಸರು ಮಾತ್ರ. ಇದನ್ನು ಪರೀಕ್ಷಿಸುವುದು ಸುಲಭ: ಎಲ್ಲ ರುಚಿಗಳ ಪೊಟ್ಟಣಗಳನ್ನೂ ಒಟ್ಟಿಗಿಟ್ಟು ಒಂದು ಕಪ್ಪು-ಬಿಳುಪು ಜೆರಾಕ್ಸ್ ತೆಗೆಯಬೇಕು. ಕಾಳುಮೆಣಸು ಯಾವುದು, ಟೊಮ್ಯಾಟೊ ಯಾವುದು ಎಂದು ಐದಡಿಯಿಂದ ಹೇಳಲಾಗದಿದ್ದರೆ ಅಕ್ಷರ ಸೋತಿದೆ ಎಂದರ್ಥ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕಿದೆ. ಇಂಗ್ಲಿಷ್ ಡಿಸೈನರ್ ಗಾತ್ರ ಬದಲಿಸದೆ, ರುಚಿಯನ್ನು ಬರೀ ದೊಡ್ಡಕ್ಷರಗಳಲ್ಲಿ ಬರೆದು ಒತ್ತು ಕೊಡಬಹುದು. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಇಲ್ಲ. ಗಾತ್ರ, ಬೋಲ್ಡ್, ಬಣ್ಣದ ಪಟ್ಟಿ, ಸುತ್ತಲಿನ ಖಾಲಿ ಜಾಗ ಇಷ್ಟರಲ್ಲೇ ಕೆಲಸ ಮುಗಿಸಬೇಕು. ‘ಬೆಳ್ಳುಳ್ಳಿ’ಯಂಥ ಪದದಲ್ಲಿ ಎರಡೆರಡು ಒತ್ತು ಕೆಳಗಿಳಿಯುವುದರಿಂದ, ಕಾಳುಮೆಣಸಿಗೆ ಅಳೆದು ಮಾಡಿದ ಪಟ್ಟಿಯಲ್ಲಿ ಅದು ಕೂರುವುದಿಲ್ಲ. ಹಾಗೆಂದು ಅಕ್ಷರ ಕುಗ್ಗಿಸಿದರೆ ಅದೊಂದು ರುಚಿ ಮಾತ್ರ ಸಾಲಿನಲ್ಲಿ ಸಣ್ಣದಾಗಿ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಒತ್ತಿರುವ ರುಚಿಯನ್ನು ಮೊದಲು ಕೂರಿಸಿ, ಪಟ್ಟಿಯ ಎತ್ತರವನ್ನು ಅದರಿಂದ ನಿರ್ಧರಿಸುವುದೇ ಜಾಣತನ.

ತೂಕ ಎಲ್ಲಕ್ಕಿಂತ ಚಿಕ್ಕದು, ಆದರೆ ಎಷ್ಟು ಚಿಕ್ಕದು ಅನ್ನುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದಲ್ಲ. ಭಾರತದ ಲೀಗಲ್ ಮೆಟ್ರಾಲಜಿ ನಿಯಮಗಳು ಅದಕ್ಕೆ ಕನಿಷ್ಠ ಎತ್ತರ ಗೊತ್ತುಮಾಡಿವೆ. ಇದೇ ಚಿಪ್ಸ್ ಅಮೆರಿಕದ ಭಾರತೀಯ ಅಂಗಡಿಗಳಿಗೆ ಹೋಗುವುದಾದರೆ ಅಲ್ಲಿನ ನಿಯಮ ಇನ್ನೂ ಕಟ್ಟುನಿಟ್ಟು. ನಮ್ಮ ಪೌಚಿನ ಮುಖ ಸುಮಾರು 43 ಚದರ ಇಂಚು. 25ರಿಂದ 100 ಚದರ ಇಂಚಿನವರೆಗಿನ ಮುಖಕ್ಕೆ ಅಕ್ಷರ ಕನಿಷ್ಠ 3/16 ಇಂಚು, ಅಂದರೆ ಹತ್ತಿರಹತ್ತಿರ 4.8 ಮಿ.ಮೀ. ಇರಬೇಕು. ದೂರದ ಲೆಕ್ಕದಲ್ಲಿ ಬಂದ 5 ಮಿ.ಮೀ. ಅಲ್ಲಿಯೂ ಪಾಸಾಗುತ್ತದೆ. ತೂಕವನ್ನು ಔನ್ಸ್ ಮತ್ತು ಗ್ರಾಂ ಎರಡರಲ್ಲೂ, ಮುಖದ ಕೆಳಗಿನ ಶೇ. 30 ಭಾಗದೊಳಗೆ ಮುದ್ರಿಸಬೇಕು. ನಮ್ಮ ಪೌಚಿನಲ್ಲಿ ಅದು ಕೆಳಗಿನ 6 ಸೆಂ.ಮೀ.

ಆ 6 ಸೆಂ.ಮೀ. ಕಂಪ್ಯೂಟರಿನ ಪರದೆಯ ಮೇಲೆ ಧಾರಾಳವಾಗಿ ಕಾಣುತ್ತದೆ. ಪೌಚಿಗೆ ಗಾಳಿ ತುಂಬಿದ ಮೇಲೆ ಬೇರೆಯೇ ಕಥೆ. ಎರಡೂ ಬದಿ ಹಿಂದಕ್ಕೆ ಬಾಗಿ, ಅಂಚಿನ ಅಕ್ಷರಗಳು ಮರೆಯಾಗುತ್ತವೆ. ಚಿಪ್ಸ್ ತಳಕ್ಕೆ ಕುಸಿದು ಸೀಲಿನ ಮೇಲೆ ನೆರಿಗೆ ಬೀಳುತ್ತದೆ, ರ‍್ಯಾಕಿನ ಮುಂಪಟ್ಟಿ ಇನ್ನಷ್ಟು ಮುಚ್ಚುತ್ತದೆ. ಆದ್ದರಿಂದ ಡಿಸೈನನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ತುಂಬಿದ ಪೊಟ್ಟಣಕ್ಕೆ ಅಂಟಿಸಿ, ರ‍್ಯಾಕಿನಲ್ಲಿ ನಿಲ್ಲಿಸಿಯೇ ನೋಡಬೇಕು. ‘150 ಗ್ರಾಂ’ ನೆರಿಗೆಯಲ್ಲಿ ಸಿಕ್ಕಿಕೊಂಡರೆ ಅಕ್ಷರ ದೊಡ್ಡದು ಮಾಡಿ ಪ್ರಯೋಜನವಿಲ್ಲ. ಸೀಲಿನಿಂದ ಮೂರು ಸೆಂ.ಮೀ. ಮೇಲಕ್ಕೆ ಎತ್ತಿ ನಡುವಿಗೆ ತಂದರೆ ಅದೇ 5 ಮಿ.ಮೀ. ಚೆನ್ನಾಗಿ ಓದಿಸಿಕೊಳ್ಳುತ್ತದೆ.