ಕಣ ಎಷ್ಟು ದೂರ ಚದುರಿತು?

ಫ್ರಾನ್ಸಿನ ಭೌತವಿಜ್ಞಾನಿ ಜೀನ್ ಪೆರಿನ್ ಬರೆದ ಒಂದು ನಕ್ಷೆಯ ಚಿತ್ರ ಎಷ್ಟೋ ಭೌತಶಾಸ್ತ್ರ ಪುಸ್ತಕಗಳಲ್ಲಿ ಸಿಗುತ್ತದೆ. ಚೌಕಳಿ ಹಾಳೆಯ ಮೇಲೆ ಸಿಕ್ಕುಸಿಕ್ಕಾದ ಮೂರು ಗೆರೆಗಳು. ನೀರಿನಲ್ಲಿ ತೇಲುತ್ತಿದ್ದ ಮರದಂಟಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, 30 ಸೆಕೆಂಡಿಗೊಮ್ಮೆ ಕಣವಿದ್ದಲ್ಲಿ ಚುಕ್ಕಿಯಿಟ್ಟು, ಆ ಚುಕ್ಕಿಗಳನ್ನು ಅವರು ಜೋಡಿಸಿದ್ದರು. ಕಣದ ತ್ರಿಜ್ಯ 0.53 ಮೈಕ್ರಾನ್, ಒಂದು ಚೌಕದ ಬದಿ ಸುಮಾರು 3 ಮೈಕ್ರಾನ್.

ಈ ಗೊತ್ತುಗುರಿಯಿಲ್ಲದ ನಡಿಗೆಯಲ್ಲಿ ಲೆಕ್ಕ ಎಲ್ಲಿದೆ? ಎಡ–ಬಲದ ಚಲನೆಯನ್ನಷ್ಟೇ ನೋಡೋಣ. ಸೊನ್ನೆಯಿಂದ ಹೊರಟ ಕಣ ಪ್ರತಿ ಸಲ ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಇಡುತ್ತದೆ, ಎರಡಕ್ಕೂ ಸಮಾನ ಅವಕಾಶ. ನಾಲ್ಕು ಹೆಜ್ಜೆಗೆ 16 ದಾರಿಗಳಿವೆ. ಅವುಗಳಲ್ಲಿ 6 ದಾರಿಗಳು ಸೊನ್ನೆಗೇ ಮರಳುತ್ತವೆ. +2ರಲ್ಲಿ ಮುಗಿಯುವವು 4, −2ರಲ್ಲಿ 4. +4 ಮತ್ತು −4ಕ್ಕೆ ಒಂದೊಂದೇ ದಾರಿ. ಎಡಬಲ ಸರಿದೂಗುವುದರಿಂದ ಸರಾಸರಿ ಸ್ಥಾನ ಸೊನ್ನೆ.

ಆದರೆ ಸರಾಸರಿ ಸೊನ್ನೆಯಾದ ಮಾತ್ರಕ್ಕೆ ಕಣ ನಿಂತಲ್ಲೇ ನಿಂತಿದೆ ಎಂದಲ್ಲ. ಚದುರಿಕೆಯನ್ನು ಅಳೆಯಲು ಸರಾಸರಿಯಿಂದಿರುವ ದೂರವನ್ನು ವರ್ಗ ಮಾಡಿ, ಆ ವರ್ಗಗಳ ಸರಾಸರಿ ತೆಗೆಯುತ್ತಾರೆ. ಅದೇ ವೇರಿಯನ್ಸ್. ±2ರಲ್ಲಿ ಮುಗಿಯುವ 8 ದಾರಿಗಳಿಂದ 32, ±4ರ 2 ದಾರಿಗಳಿಂದ 32, ಒಟ್ಟು 64. ಅದನ್ನು 16ರಿಂದ ಭಾಗಿಸಿದರೆ 4. ಹೆಜ್ಜೆಗಳೂ ನಾಲ್ಕೇ!

ಇದು ಕಾಕತಾಳೀಯವಲ್ಲ. ಕಣ ಈಗ x ಎಂಬಲ್ಲಿದ್ದರೆ ಮುಂದಿನ ಹೆಜ್ಜೆಗೆ x+1 ಅಥವಾ x−1ರಲ್ಲಿರುತ್ತದೆ. ಇವೆರಡರ ವರ್ಗಗಳ ಸರಾಸರಿ x²+1. ಪ್ರತಿ ಹೆಜ್ಜೆಯೂ ವೇರಿಯನ್ಸಿಗೆ ಒಂದನ್ನು ಸೇರಿಸುತ್ತಲೇ ಹೋಗುತ್ತದೆ. ಹಾಗಾಗಿ 100 ಹೆಜ್ಜೆಗೆ ವೇರಿಯನ್ಸ್ 100. ಚದುರಿಕೆಯ ದೂರ ಅದರ ವರ್ಗಮೂಲ, ಬರೀ 10 ಹೆಜ್ಜೆ.

ಪೆರಿನ್ ಅವರ ನಕ್ಷೆಯನ್ನು ಓದುವವರು ಎಡವುವುದು ಇಲ್ಲೇ. ಎರಡು ಚುಕ್ಕಿಗಳ ನಡುವಿನ ಅಂತರವನ್ನು 30 ಸೆಕೆಂಡಿನಿಂದ ಭಾಗಿಸಿದರೆ ಕಣದ ವೇಗ ಸಿಕ್ಕಿತೆಂದು ತೋರುತ್ತದೆ. ಆದರೆ 120 ಸೆಕೆಂಡಿಗೊಮ್ಮೆ ಚುಕ್ಕಿಯಿಟ್ಟಿದ್ದರೆ ಅಂತರ ನಾಲ್ಕು ಪಟ್ಟಲ್ಲ, ಸುಮಾರು ಎರಡು ಪಟ್ಟು ಆಗುತ್ತಿತ್ತು, ‘ವೇಗ’ ಅರ್ಧಕ್ಕಿಳಿಯುತ್ತಿತ್ತು. ನೇರ ಗೆರೆಗಳು ಕಣ ನಡೆದ ದಾರಿಯೇ ಅಲ್ಲ. ಸೆಕೆಂಡಿಗೊಮ್ಮೆ ನೋಡಿದ್ದರೆ ಪ್ರತಿ ಗೆರೆಯೂ 30 ತುಂಡುಗಳ ಹೊಸ ಸಿಕ್ಕಾಗುತ್ತಿತ್ತು.

ನೀರೇ ಮೆಲ್ಲಗೆ ಒಂದು ಕಡೆ ಹರಿಯುತ್ತಿದ್ದರೆ? ಬಲಕ್ಕೆ ಹೋಗುವ ಅವಕಾಶ ನಾಲ್ಕರಲ್ಲಿ ಮೂರು ಎಂದಿಟ್ಟುಕೊಳ್ಳಿ. ಆಗ ಹೆಜ್ಜೆಯೊಂದರ ಸರಾಸರಿ ಅರ್ಧ, ವೇರಿಯನ್ಸ್ ಮುಕ್ಕಾಲು. ನಾಲ್ಕು ಹೆಜ್ಜೆಗೆ ಕ್ರಮವಾಗಿ 2 ಮತ್ತು 3. ಸರಾಸರಿ ಸೊನ್ನೆಯನ್ನು ಬಿಟ್ಟು ಒಂದೇ ಕಡೆ ಸರಿಯುತ್ತಿದ್ದರೆ ಅದು ಹರಿವಿನ ಗುರುತು. ಆ ಸರಿತವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಚದುರಿಕೆ.

ಕಾಲಕ್ಕೆ ತಕ್ಕಂತೆ ಏರುವ ಈ ವೇರಿಯನ್ಸಿಗೂ ಅಣುಗಳ ಸಂಖ್ಯೆಗೂ ಇರುವ ಸಂಬಂಧವನ್ನು ಐನ್‌ಸ್ಟೈನ್ 1905ರಲ್ಲಿ ಬರೆದುಕೊಟ್ಟಿದ್ದರು. ಇಂಥ ಚುಕ್ಕಿಗಳನ್ನು ಅಳೆದು ಪೆರಿನ್ ಅವೊಗ್ಯಾಡ್ರೊ ಸಂಖ್ಯೆಯನ್ನು ಲೆಕ್ಕ ಹಾಕಿದರು. ಅಣುಗಳಿವೆಯೇ ಎಂದು ಅನುಮಾನಿಸುತ್ತಿದ್ದವರಲ್ಲಿ ಬಹುಮಂದಿ ಒಪ್ಪಿಕೊಂಡರು; 1926ರಲ್ಲಿ ಪೆರಿನ್ ಅವರಿಗೆ ನೊಬೆಲ್ ಬಂತು.