ಪೈಪು ಕೂಗುವುದು ಎಲ್ಲಿ, ನಮಗೆ ಕೇಳುವುದು ಎಲ್ಲಿ?

ಓವರ್‌ಹೆಡ್ ಟ್ಯಾಂಕಿನ ನೀರು ತನ್ನ ಭಾರದಿಂದಲೇ ಇಳಿದು ಬರುವ ಮನೆಗಳಲ್ಲಿ ಪೈಪುಗಳು ಅಷ್ಟಾಗಿ ಸದ್ದು ಮಾಡುವುದಿಲ್ಲ. ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗೆ ಸಿಗುವ ಒತ್ತಡ ಸುಮಾರು 1 ಬಾರ್ ಅಷ್ಟೆ. ಟ್ಯಾಂಕಿನ ಕೆಳಗೇ ಇರುವ ಮೇಲಿನ ಮಹಡಿಯಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು. ಶವರ್ ಜೋರಾಗಿ ಬರಲಿ ಎಂದು ತಾರಸಿಯಲ್ಲಿ ಪ್ರೆಶರ್ ಪಂಪ್ ಕೂರಿಸಿದಾಗ ಒತ್ತಡ ಎರಡು ಮೂರು ಬಾರ್‌ಗೆ ಏರುತ್ತದೆ, ಗೋಡೆಯೊಳಗಿನ ಪೈಪು ಮಾತ್ರ ಹಳೆಯದೇ ಉಳಿಯುತ್ತದೆ. ಸಿಳ್ಳೆ, ಗಡಗಡ, ಗುಂಯ್ ಎಲ್ಲ ಶುರುವಾಗುವುದು ಹೆಚ್ಚಾಗಿ ಅಲ್ಲಿಂದ. ಅದರ ಹಿಂದೆಯೇ ಮನೆಯವರ ಊಹೆಗಳೂ ಶುರು.

ತಪ್ಪು ಕಲ್ಪನೆ: ಸದ್ದು ಎಲ್ಲಿ ಕೇಳುತ್ತದೋ ದೋಷ ಅಲ್ಲೇ ಇದೆ.

ಬಚ್ಚಲಮನೆಯ ಗೋಡೆ ಕೂಗಿದರೆ ಅದೇ ಗೋಡೆ ಒಡೆಯಲು ಉಳಿ ಸುತ್ತಿಗೆ ತರುತ್ತಾರೆ. ವಾಸ್ತವದಲ್ಲಿ ನಡುಕ ಪೈಪಿನ ಉದ್ದಕ್ಕೂ, ಅದರೊಳಗಿನ ನೀರಿನಲ್ಲೂ ಸಾಗುತ್ತದೆ. ಜಿಐ ಪೈಪಿನಲ್ಲಿ ಬಹು ದೂರ ಹೋಗುತ್ತದೆ, ಸಿಪಿವಿಸಿಯಲ್ಲಿ ಸ್ವಲ್ಪ ಕಡಿಮೆ. ಪೈಪು ಎಲ್ಲಿ ಗೋಡೆಗೋ ಟೈಲಿಗೋ ಬಿಗಿಯಾಗಿ ತಾಗಿದೆಯೋ ಅಲ್ಲಿ ಆ ಅಗಲವಾದ ಮೈ ನಡುಗಿ ಸದ್ದನ್ನು ಕೋಣೆಗೆ ಬಿಡುತ್ತದೆ. ಹಾಗಾಗಿ ತಾರಸಿಯ ವಾಲ್ವ್ ಮೊದಲ ಮಹಡಿಯ ಗೋಡೆಯಲ್ಲಿ ಕೇಳಿಸಬಹುದು.

ಜಾಗಕ್ಕಿಂತ ಹೊತ್ತನ್ನು ನಂಬಬೇಕು. ನಲ್ಲಿ ತೆರೆದಿರುವಷ್ಟು ಹೊತ್ತೂ ಒಂದೇ ಸಮನೆ ಬರುವ ಸದ್ದು ನೀರಿನ ವೇಗದ್ದು. ನಲ್ಲಿ ಮುಚ್ಚಿದ ಕ್ಷಣಕ್ಕೆ ‘ಧಡ್’ ಎಂದರೆ ಅದು ಹೆಚ್ಚಾಗಿ ಪೈಪಿನ ಹಿಡಿತದ್ದು. ಯಾರೂ ನಲ್ಲಿ ಮುಟ್ಟದಿದ್ದಾಗ, ಯಾವುದೋ ತೊಟ್ಟಿ ತುಂಬುತ್ತಿರುವಾಗ ಬಂದರೆ ವಾಲ್ವಿನದು. ಇದು ಗೊತ್ತಾದ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಪೈಪಿಗೋ ವಾಲ್ವಿನ ಮೈಗೋ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳುತ್ತಾ ಹೋಗಬೇಕು. ಮೂಲದ ಹತ್ತಿರ ಹೋದಂತೆ ಸದ್ದು ಹರಿತವಾಗುತ್ತದೆ, ದೂರದಲ್ಲಿ ಮಂದವಾಗಿರುತ್ತದೆ. ಪ್ಲಂಬರುಗಳ ಹಳೆಯ ಉಪಾಯ ಇದು, ಕಾಸು ಖರ್ಚಿಲ್ಲ.

ತಪ್ಪು ಕಲ್ಪನೆ: ಸಿಳ್ಳೆ ಎಂದರೆ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪ್ರೆಶರ್ ಜಾಸ್ತಿಯಾಗಿದೆ. ವಾಲ್ವ್ ಅರ್ಧ ತಿರುಗಿಸಿದರೆ ಸರಿಹೋಗುತ್ತದೆ.

ಗಾಳಿ ಸೇರಿದ್ದರೆ ನಲ್ಲಿ ಕೆಮ್ಮುತ್ತದೆ, ನೀರು ಬಿಟ್ಟುಬಿಟ್ಟು ಉಗುಳುತ್ತದೆ, ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಒಂದೇ ಸ್ವರದಲ್ಲಿ ಎಳೆಯುವ ಸಿಳ್ಳೆ ಗಾಳಿಯದಲ್ಲ. ಇನ್ನು ಒತ್ತಡ ತಾನಾಗಿಯೇ ಸದ್ದು ಮಾಡುವುದಿಲ್ಲ. ನಲ್ಲಿಗಳೆಲ್ಲ ಮುಚ್ಚಿರುವಾಗಲೇ ಪೈಪಿನೊಳಗೆ ಒತ್ತಡ ಅತಿ ಹೆಚ್ಚು, ಆಗ ಮನೆ ನಿಶ್ಶಬ್ದ. ಕೂಗುವುದು ವೇಗ, ಅದೂ ನೀರು ಇಕ್ಕಟ್ಟಾದ ಸಂದಿಯಲ್ಲಿ ನುಗ್ಗುವಾಗ.

ಪರಿಚಯದವರ ಮೂರಂತಸ್ತಿನ ಮನೆಯೊಂದರ ಕತೆ ಇದಕ್ಕೆ ಸರಿಯಾದ ಉದಾಹರಣೆ. ಪಂಪ್ ಹಾಕಿಸಿದ ಮೇಲೆ ಮೊದಲ ಮಹಡಿಯ ಬಚ್ಚಲಲ್ಲಿ ನೀರು ಬಿಟ್ಟರೆ ಸಿಳ್ಳೆ. ಶವರ್ ಬದಲಿಸಿದರು, ಡೈವರ್ಟರ್ ಬದಲಿಸಿದರು, ಸಿಳ್ಳೆ ಹೋಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಮೇಲೆ ಹೋದರೆ ಎಲ್ಲಕ್ಕಿಂತ ಹರಿತವಾಗಿ ಕೇಳಿದ್ದು ಪಂಪಿನ ಮುಂದಿನ ಗೇಟ್ ವಾಲ್ವಿನಲ್ಲಿ. ಪ್ರೆಶರ್ ಕಡಿಮೆಯಾಗಲಿ ಎಂದು ಯಾರೋ ಅದನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರು. ಗೇಟ್ ವಾಲ್ವ್ ಇರುವುದು ಪೂರ್ತಿ ತೆರೆಯಲು ಇಲ್ಲವೇ ಪೂರ್ತಿ ಮುಚ್ಚಲು, ಹರಿವು ಹದ ಮಾಡುವುದಕ್ಕಲ್ಲ. ಅರ್ಧದಲ್ಲಿ ನಿಲ್ಲಿಸಿದರೆ ಒಳಗಿನ ತಟ್ಟೆ ಸಡಿಲವಾಗಿ ತೂಗಾಡುತ್ತದೆ, ಅದರ ಅಂಚಿನ ಸಂದಿಯಲ್ಲಿ ನೀರು ಚಿಮ್ಮುತ್ತದೆ. ಸದ್ದು ತಗ್ಗಿಸಲು ತಿರುಗಿಸಿದ ವಾಲ್ವೇ ಸದ್ದಿನ ತಾಯಿ.

ವಾಲ್ವನ್ನು ಪೂರ್ತಿ ತೆರೆದಾಗ ಸಿಳ್ಳೆ ನಿಂತಿತು. ಆದರೆ ಬಚ್ಚಲ ಗೋಡೆಯಲ್ಲಿ ‘ಸುಯ್’ ಎನ್ನುವ ಸದ್ದು ಉಳಿಯಿತು. ಆಗ ಬಕೆಟ್ ತರಿಸಿದೆವು. 15 ಲೀಟರಿನ ಬಕೆಟ್ 40 ಸೆಕೆಂಡಿನಲ್ಲಿ ತುಂಬಿತು, ಅಂದರೆ ನಿಮಿಷಕ್ಕೆ 22 ಲೀಟರಿಗೂ ಮಿಗಿಲು. ಗೋಡೆಯಲ್ಲಿದ್ದದ್ದು ಅರ್ಧ ಇಂಚಿನ ಸಿಪಿವಿಸಿ, ಅದರ ಒಳವ್ಯಾಸ ಸುಮಾರು 12.4 ಮಿಲಿಮೀಟರ್. ಅಷ್ಟು ಕಿರಿದಾದ ದಾರಿಯಲ್ಲಿ ಅಷ್ಟು ನೀರು ಹೋಗಬೇಕಾದರೆ ವೇಗ ಸೆಕೆಂಡಿಗೆ 3 ಮೀಟರ್ ದಾಟುತ್ತದೆ. ಮನೆಯೊಳಗಿನ ಪೈಪಿನಲ್ಲಿ ಅದು 2 ಮೀಟರಿನ ಒಳಗಿರಬೇಕು, ಮಲಗುವ ಕೋಣೆಯ ಪಕ್ಕದಲ್ಲಿ ಒಂದೂವರೆ ಮೀಟರಾದರೆ ಇನ್ನೂ ಒಳ್ಳೆಯದು.

ಗೋಡೆ ಒಡೆದು ಮುಕ್ಕಾಲು ಇಂಚಿನ ಪೈಪ್ ಹಾಕಿದರೆ ಅಷ್ಟೇ ನೀರು ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಹೋಗುತ್ತದೆ. ಹೊಸ ಮನೆ ಕಟ್ಟುವವರು ಇದನ್ನೇ ಮಾಡಬೇಕು. ಟೈಲ್ಸ್ ಹಾಕಿ ಮುಗಿದಿರುವ ಈ ಮನೆಯಲ್ಲಿ ಪಂಪಿನ ಮುಂದೆ ಪ್ರೆಶರ್ ತಗ್ಗಿಸುವ ವಾಲ್ವ್ ಹಾಕಿ, 3 ಬಾರ್ ಇದ್ದದ್ದನ್ನು ಒಂದೂವರೆಗೆ ಇಳಿಸಿದರು. ಒತ್ತಡ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಸುಮಾರು ಶೇಕಡ 70ಕ್ಕೆ ಇಳಿಯುತ್ತದೆ. ಬಕೆಟ್ ತುಂಬಲು ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ ಹಿಡಿಯಿತು, ವೇಗ ಎರಡು ಚಿಲ್ಲರೆ ಮೀಟರಿಗೆ ಬಂತು. ಪೂರ್ತಿ ಮೌನವಲ್ಲ, ಆದರೆ ಬಾಗಿಲು ಹಾಕಿದರೆ ಹೊರಗೆ ಕೇಳದು. ಶವರಿನ ರಭಸ ಕಡಿಮೆಯಾಯಿತೆಂದು ಮನೆಯ ಹುಡುಗರ ತಕರಾರು ಇನ್ನೂ ಇದೆ.

ಸಿಳ್ಳೆ ಒಂದೇ ನಲ್ಲಿಯಲ್ಲಿದ್ದು, ಅದನ್ನು ಸ್ವಲ್ಪ ತಿರುಗಿಸಿದೊಡನೆ ಸ್ವರ ಬದಲಾದರೆ ಇಷ್ಟೆಲ್ಲ ಹುಡುಕಬೇಕಿಲ್ಲ. ಸವೆದ ವಾಷರ್, ಅರ್ಧ ತೆರೆದ ಆಂಗಲ್ ಕಾಕ್, ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿದ ನಲ್ಲಿಯ ಜಾಲರಿ, ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ತಪ್ಪು ಕಲ್ಪನೆ: ಗಡಗಡ ಎನ್ನುವ ಪೈಪಿಗೆ ಕ್ಲಾಂಪ್ ಬಿಗಿಯಾಗಿ ಹೊಡೆದರೆ ಮುಗಿಯಿತು.

ಅರ್ಧ ನಿಜ. ಡಕ್ಟಿನಲ್ಲಿ ಇಳಿದ ಪೈಪಿನ ಕ್ಲಾಂಪುಗಳಲ್ಲಿ ಒಂದೆರಡು ಗೋಡೆಯಿಂದ ಕಿತ್ತು ಬಂದಿದ್ದರೆ ನೀರಿನ ಪ್ರತಿ ಕುಲುಕಿಗೂ ಪೈಪು ಗೋಡೆಗೆ ಬಡಿಯುತ್ತದೆ. ಪತ್ತೆ ಸುಲಭ. ಒಬ್ಬರು ಒಳಗೆ ನಲ್ಲಿ ತೆರೆದು ಮುಚ್ಚುತ್ತಿರಲಿ, ಇನ್ನೊಬ್ಬರು ಪೈಪನ್ನು ಮುಷ್ಟಿಯಲ್ಲಿ ಹಿಡಿದು ಅಡಿ ಅಡಿಯಾಗಿ ಮುಂದೆ ಸರಿಯಲಿ. ಹಿಡಿದಾಗ ಎಲ್ಲಿ ಸದ್ದು ಸಾಯುತ್ತದೋ ಅಲ್ಲೇ ಆಸರೆ ಬೇಕು. ಅಡ್ಡ ಹೋಗುವ ಸಣ್ಣ ಪೈಪಿಗೆ ಸುಮಾರು ಮೂರು ಅಡಿಗೊಂದು ಕ್ಲಾಂಪ್ ಇರಬೇಕು, ತಿರುವಿನ ಬಳಿ ಒಂದು ಹೆಚ್ಚಿಗೆ. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತುವ ಅಭ್ಯಾಸ ಜಿಐ ಪೈಪಿಗೆ ನಡೆದೀತು, ಸಿಪಿವಿಸಿಗೆ ಬೇಡ. ಕೆಲವು ರಬ್ಬರುಗಳಲ್ಲಿನ ಎಣ್ಣೆಯಂಶ ಕಾಲಕ್ರಮದಲ್ಲಿ ಸಿಪಿವಿಸಿಯನ್ನು ಸೀಳಿಸುತ್ತದೆ. ಆ ಪೈಪಿಗೆಂದೇ ತಯಾರಾದ, ಒಳಗೆ ರಬ್ಬರ್ ಇರುವ ಕ್ಲಾಂಪನ್ನೇ ಕೊಳ್ಳಿ.

ಬಿಗಿ ಮಾಡಿದ ಮೇಲೂ ನಲ್ಲಿ ಮುಚ್ಚಿದಾಗ ‘ಧಡ್’ ಉಳಿದರೆ ಕ್ಲಾಂಪಿನ ತಪ್ಪಲ್ಲ. ಓಡುವ ನೀರನ್ನು ತಟ್ಟನೆ ನಿಲ್ಲಿಸಿದ್ದರ ಪೆಟ್ಟು ಅದು. ರಷ್ಯದ ನಿಕೊಲಾಯ್ ಝುಕೋವ್‌ಸ್ಕಿ 1898ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾನೆ. ಆ ಲೆಕ್ಕದಂತೆ ಜಿಐ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ಓಡುವ ನೀರನ್ನು ಒಮ್ಮೆಗೇ ತಡೆದರೆ ಕ್ಷಣಕಾಲ ಹತ್ತು ಬಾರ್‌ಗೂ ಹೆಚ್ಚಿನ ಒತ್ತಡ ಏಳುತ್ತದೆ. ವಾಷಿಂಗ್ ಮೆಷಿನ್ನಿನ ವಾಲ್ವ್ ಮಾಡುವುದು ಇದನ್ನೇ. ಇಲ್ಲೂ ಮದ್ದು ವೇಗ ಇಳಿಸುವುದೇ.

ಬಿಗಿ ಮಾಡಿದ್ದರಿಂದಲೇ ಹುಟ್ಟುವ ಸದ್ದೂ ಒಂದಿದೆ. ಗೀಸರಿನ ಬಿಸಿನೀರು ಬಿಟ್ಟ ಸ್ವಲ್ಪ ಹೊತ್ತಿಗೆ ‘ಟಕ್, ಟಕ್’ ಶುರುವಾಗುತ್ತದೆ, ನಲ್ಲಿ ಮುಚ್ಚಿದ ಮೇಲೂ ವಿರಳವಾಗುತ್ತಾ ನಡೆಯುತ್ತದೆ. 10 ಮೀಟರ್ ಉದ್ದದ ಸಿಪಿವಿಸಿ ಲೈನ್ 40 ಡಿಗ್ರಿ ಬಿಸಿಯೇರಿದರೆ ಸುಮಾರು 25 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಇಂಚು ಬೆಳೆಯುತ್ತದೆ. ಕ್ಲಾಂಪ್ ಕಚ್ಚಿ ಹಿಡಿದಿದ್ದರೆ ಪೈಪು ತಡೆದು ತಡೆದು ಜಗ್ಗುತ್ತದೆ, ಪ್ರತಿ ಜಗ್ಗಿಗೂ ಒಂದು ಟಕ್. ಬಿಸಿನೀರಿನ ಕ್ಲಾಂಪುಗಳನ್ನು ಪೈಪು ಒಳಗೆ ಜಾರುವಷ್ಟು ಸಡಿಲ ಬಿಡಬೇಕು.

ತಪ್ಪು ಕಲ್ಪನೆ: ಗುಂಯ್ ಎನ್ನುವುದು ಮೋಟಾರಿನ ಸದ್ದು.

ನಡುರಾತ್ರಿ ಕಾವೇರಿ ನೀರು ಬಿಟ್ಟಾಗ ಮನೆಯಿಡೀ ಗುಂಯ್ ಎನ್ನುತ್ತದೆ, ಮೋಟಾರ್ ಹೋಯಿತೆಂದು ಮನೆಯವರಿಗೆ ಗಾಬರಿ. ಸ್ವಿಚ್ ನೋಡಿದರೆ ಆಫ್ ಆಗಿದೆ. ಮೋಟಾರಿನ ಗುಂಯ್ ಕರೆಂಟಿನ ತಾಳಕ್ಕೆ ಕಟ್ಟುಬಿದ್ದದ್ದು, ಅದರ ಸ್ವರ ಏರುವುದೂ ಇಲ್ಲ ಇಳಿಯುವುದೂ ಇಲ್ಲ. ತೊಟ್ಟಿ ತುಂಬುತ್ತಾ ಬಂದಂತೆ ಸ್ವರ ಬದಲಾದರೆ ಅದು ಫ್ಲೋಟ್ ವಾಲ್ವ್.

ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಕಣ್ಣಿಗೇ ಕಾಣುತ್ತದೆ. ನೀರು ಮೇಲೇರಿ ವಾಲ್ವ್ ಇನ್ನೇನು ಮುಚ್ಚಬೇಕು, ವಾಷರಿಗೂ ಬಾಯಿಗೂ ನಡುವೆ ಕೂದಲೆಳೆಯಷ್ಟು ಸಂದಿ. ಸುರಿಯುವ ನೀರೇ ಎಬ್ಬಿಸಿದ ಅಲೆಗಳ ಮೇಲೆ ಚೆಂಡು ಕುಣಿಯುತ್ತದೆ. ಚೆಂಡು ಎದ್ದರೆ ಬಾಯಿ ಮುಚ್ಚುತ್ತದೆ, ಬಿದ್ದರೆ ತೆರೆಯುತ್ತದೆ. ಗಟ್ಟಿಯಾದ ವಾಷರ್ ಆ ಸಂದಿಯಲ್ಲಿ ಪಟಪಟಿಸುತ್ತದೆ. ಹೀಗೆ ತಡೆದು ಬಿಡುವ ನೀರು ಹಿಂದಿನ ಪೈಪಿನುದ್ದಕ್ಕೂ ನಡುಕ ಕಳಿಸುತ್ತದೆ. ಚೆಂಡಿನ ಸರಳನ್ನು ಕೈಯಿಂದ ಮೇಲಕ್ಕೆತ್ತಿ ಹಿಡಿಯಿರಿ, ಗುಂಯ್ ಥಟ್ಟನೆ ನಿಂತರೆ ಕಳ್ಳ ಸಿಕ್ಕಂತೆ. ಹೊಸ ವಾಷರ್ ಹಾಕಿ, ಸರಳಿನ ಪಿನ್ ಸವೆದು ಅಲ್ಲಾಡುತ್ತಿದ್ದರೆ ವಾಲ್ವನ್ನೇ ಬದಲಿಸಿ. ಒಳಬರುವ ನೀರು ಚೆಂಡಿನಿಂದ ದೂರ ಬೀಳುವಂತೆ ಮಾಡಿ. ಫ್ಲಶ್ ಮಾಡಿದ ಕೊನೆಯ ಕೆಲವು ಸೆಕೆಂಡು ಕೂಗುವ ಫ್ಲಶ್ ಟ್ಯಾಂಕಿನ ರೋಗವೂ ಇದೇ.

ಸರಳು ಎತ್ತಿದರೂ ಸದ್ದು ನಿಲ್ಲದಿದ್ದರೆ ಆಗ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಎನ್‌ಆರ್‌ವಿ ಮತ್ತು ಪ್ರೆಶರ್ ತಗ್ಗಿಸುವ ವಾಲ್ವಿನ ಸರದಿ. ಎನ್‌ಆರ್‌ವಿಯ ರೆಕ್ಕೆ ಕಡಿಮೆ ಹರಿವಿನಲ್ಲಿ ಪೂರ್ತಿ ತೆರೆಯದೆ ಬಡಿದುಕೊಳ್ಳುತ್ತದೆ.

ಪ್ಲಂಬರನ್ನು ಕರೆಯುವಾಗ ‘ಪೈಪ್ ಸದ್ದು ಮಾಡ್ತಿದೆ’ ಎಂದಷ್ಟೇ ಹೇಳಬೇಡಿ. ಯಾವ ನಲ್ಲಿ, ತಣ್ಣೀರೋ ಬಿಸಿನೀರೋ, ತೆರೆದಾಗಲೋ ಮುಚ್ಚಿದಾಗಲೋ, ಬಕೆಟ್ ಎಷ್ಟು ಸೆಕೆಂಡಿಗೆ ತುಂಬಿತು ಎಂದು ಹೇಳಿ. ಇವಕ್ಕೆ ಉತ್ತರ ಸಿಗುವ ತನಕ ಯಾರಿಗೂ ಗೋಡೆ ಮುಟ್ಟಲು ಬಿಡಬೇಡಿ.