ದರ್ಪಣ, ಮಸೂರ ಮತ್ತು ಒಂದು ಹಾಳೆ

ಪುಸ್ತಕ ತೆರೆದಿಟ್ಟೇ ಬರೆಯುವ ಪರೀಕ್ಷೆಗೆ ಓದುವುದೇನಿದೆ ಎಂದುಕೊಂಡವರ ಅರ್ಧ ಹೊತ್ತು ಪುಟ ತಿರುವುವುದರಲ್ಲೇ ಹೋಗುತ್ತದೆ. ದ್ವಿತೀಯ ಪಿಯುಸಿಯ ಕಿರಣ ದ್ಯುತಿಶಾಸ್ತ್ರದಂಥ ಅಧ್ಯಾಯವಾದರಂತೂ ಕೇಳುವುದೇ ಬೇಡ: ದರ್ಪಣ, ಮಸೂರ, ಪಟ್ಟಕ, ದೂರದರ್ಶಕ ಎಲ್ಲ ಒಂದರ ಹಿಂದೊಂದು. ಇದನ್ನು ಒಂದು ಹಾಳೆಗೆ ಇಳಿಸಲು ಹೊರಟವರು ಸಾಮಾನ್ಯವಾಗಿ ಸೂತ್ರಗಳನ್ನಷ್ಟೇ ಸಾಲಾಗಿ ಇಳಿಸಿಕೊಳ್ಳುತ್ತಾರೆ. ಎಡವುವುದೂ ಅಲ್ಲೇ.

ದರ್ಪಣದ ಸೂತ್ರ 1/v + 1/u = 1/f, ಮಸೂರದ್ದು 1/v − 1/u = 1/f. ಸಂಗಮದೂರ 20 ಸೆಂ.ಮೀ. ಇರುವ ಪೀನ ಮಸೂರದಿಂದ 30 ಸೆಂ.ಮೀ. ದೂರದಲ್ಲಿ ಒಂದು ವಸ್ತುವಿದೆ ಎನ್ನಿ. u = −30, f = +20 ಎಂದು ಹಾಕಿದರೆ v = +60 ಬರುತ್ತದೆ; m = v/u = −2, ಅಂದರೆ ತಲೆಕೆಳಗಾದ, ಎರಡು ಪಟ್ಟು ದೊಡ್ಡ ಪ್ರತಿಬಿಂಬ. ಅವಸರದಲ್ಲಿ ದರ್ಪಣದ ಸೂತ್ರ ಹಿಡಿದರೆ ಉತ್ತರ 12. ಸರಿಯಾದ ಸೂತ್ರವನ್ನೇ ಹಿಡಿದು u ಮುಂದಿನ ಮೈನಸ್ ಮರೆತರೂ ಅದೇ 12! ವಸ್ತು ಸಂಗಮದೂರದಿಂದಾಚೆ ಇದ್ದಾಗ ಪೀನ ಮಸೂರದ ಪ್ರತಿಬಿಂಬ 20 ಸೆಂ.ಮೀ.ಗಿಂತ ಹತ್ತಿರ ಬರಲಾರದು ಎಂಬ ಒಂದು ಸಾಲು ಹಾಳೆಯಲ್ಲಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹಾಗಾಗಿ ಹಾಳೆಯ ನೆತ್ತಿಯ ಮೇಲೆ ಬರಬೇಕಾದ್ದು ಚಿಹ್ನೆಗಳ ನಿಯಮ, ಅದೂ ಪುಟ್ಟ ಚಿತ್ರವಾಗಿ. ದೂರಗಳನ್ನೆಲ್ಲ ದರ್ಪಣದ ಧ್ರುವದಿಂದ ಅಥವಾ ಮಸೂರದ ದ್ಯುತಿಕೇಂದ್ರದಿಂದ ಅಳೆಯಬೇಕು. ಬೆಳಕು ಸಾಗುವ ದಿಕ್ಕಿಗೆ ಪ್ಲಸ್, ಎದುರು ದಿಕ್ಕಿಗೆ ಮೈನಸ್. ಸೂತ್ರಗಳ ಸರದಿ ಆಮೇಲೆ.

ಪ್ರತಿ ಸೂತ್ರದ ಪಕ್ಕ ಅದು ಎಲ್ಲಿ ನಡೆಯುತ್ತದೆ ಎಂಬುದೂ ಇರಲಿ. ಮಸೂರ ತಯಾರಕರ ಸೂತ್ರ 1/f = (n − 1)(1/R₁ − 1/R₂) ತೆಳು ಮಸೂರಕ್ಕೆ ಮಾತ್ರ. ಇಲ್ಲಿ n ಎಂಬುದಕ್ಕೆ ಬರೇ ‘ವಕ್ರೀಭವನ ಸೂಚ್ಯಂಕ’ ಎಂದು ಬರೆದರೆ ಸಾಲದು, ‘ಮಸೂರದ್ದು ÷ ಸುತ್ತಲಿನ ಮಾಧ್ಯಮದ್ದು’ ಎಂದೇ ಬರೆಯಬೇಕು. ಸೂಚ್ಯಂಕ 1.5 ಇರುವ ಗಾಜಿನ ಅದೇ ಮಸೂರವನ್ನು ನೀರಿನಲ್ಲಿ (1.33) ಮುಳುಗಿಸಿದರೆ n ಸುಮಾರು 1.13ಕ್ಕೆ ಇಳಿದು, 20 ಸೆಂ.ಮೀ. ಇದ್ದ ಸಂಗಮದೂರ ಹತ್ತಿರ ಹತ್ತಿರ 78 ಸೆಂ.ಮೀ. ಆಗುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಈ ನೀರಿನ ಮೇಲೆ ಅದೇನು ಪ್ರೀತಿಯೋ!

ಯಾವುದನ್ನು ಬಿಡಬೇಕೆಂದು ತಿಳಿಯಲು ಅಧ್ಯಾಯದ ಕೊನೆಯ ಲೆಕ್ಕಗಳೇ ದಾರಿ. ಲೆಕ್ಕ ಮಾಡುತ್ತ ಹಿಂದಿನ ಪುಟ ನೋಡಬೇಕಾಗಿ ಬಂದಾಗಲೆಲ್ಲ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿದರೆ, ಹಾಳೆಗೆ ಬೇಕಾದದ್ದು ಬಹುಪಾಲು ಆ ಗುರುತುಗಳಲ್ಲೇ ಇರುತ್ತದೆ. ಪತನ ಕೋನ ಪರಾವರ್ತನ ಕೋನಕ್ಕೆ ಸಮ ಎಂಬಂಥ, ಬಾಯಿಗೇ ಬರುವ ವ್ಯಾಖ್ಯೆಗೆ ಜಾಗ ದಂಡ. ಸೂತ್ರದ ವ್ಯುತ್ಪತ್ತಿಗೂ ಹಾಳೆಯಲ್ಲಿ ಜಾಗ ಬೇಡ. ಪುಸ್ತಕ ಪಕ್ಕದಲ್ಲೇ ಇರುವುದರಿಂದ ಸೂತ್ರದ ಎದುರು ಅದರ ಪುಟಸಂಖ್ಯೆ ಬರೆದಿಟ್ಟರಾಯಿತು.